ಅಪ್ಪಟ ಸಹಜ

ಉಣಕಲ್ ಕೆರೆಯ ದಂಡೆಗೆ ಬೆಳಿಗ್ಗೆ ನಡೆಯಲು ಬರುವವರಲ್ಲಿ ಅರ್ಧ ಜನ ಥೈರಾಯ್ಡ್ ರೋಗಿಗಳು, ಉಳಿದರ್ಧ ಥೈರಾಯ್ಡ್ ತಜ್ಞರು. ನಮ್ಮ ವೈನಿ ಮೊದಲನೆಯ ಗುಂಪಿನವರು. ಅರವತ್ತೆರಡು ಕಿಲೋ ತೂಕ, ದಿನಕ್ಕೆ ನೂರು ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಕಿಲೋಗೆ 1.6 ಮೈಕ್ರೋಗ್ರಾಂ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಆದರೂ ಆ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ 9ಕ್ಕೆ ಏರಿತ್ತು, ಸುಸ್ತು ಬಿಟ್ಟಿರಲಿಲ್ಲ.

ತಜ್ಞರು ಕೂಡಲೇ ತೀರ್ಪು ಕೊಟ್ಟರು: ಅದು ರಾಸಾಯನಿಕ, ನಿಮಗೆ ಬೇಕಾದದ್ದು ಸಹಜವಾದ ಔಷಧ. ಅಮೆರಿಕದ ಅಳಿಯ ಒಂದು ಬಾಟಲಿ ತಂದುಕೊಟ್ಟ. ಅದರ ಹಿರಿಮೆಗೆ ತಕ್ಕ ಜಾಗ ಬೇಕೆಂದು ವೈನಿ ಅದನ್ನು ದೇವರ ಕೋಣೆಯ ಗೂಡಿನಲ್ಲಿಟ್ಟರು.

ಒಳಗಿದ್ದದ್ದು ಹಂದಿಯ ಥೈರಾಯ್ಡ್ ಗ್ರಂಥಿಯನ್ನು ಒಣಗಿಸಿ ಮಾಡಿದ ಪುಡಿ. ಮೊಟ್ಟೆ ಬೆರೆತ ಬಿಸ್ಕತ್ತನ್ನೂ ಹೊಸಿಲು ದಾಟಿಸದ ಮನೆ ಅದು.

ಹಂದಿಗೆ ಅದು ಸಹಜವೇ, ತಕರಾರಿಲ್ಲ. ಗ್ರೇನ್ ಎಂಬ ಹಳೆಯ ತೂಕದ ಒಂದು ಗ್ರೇನ್ ಮಾತ್ರೆಯಲ್ಲಿ ಟಿ4, ಅಂದರೆ ಥೈರಾಕ್ಸಿನ್, ಸುಮಾರು 38 ಮೈಕ್ರೋಗ್ರಾಂ; ಅದಕ್ಕಿಂತ ಚುರುಕಾದ ಹಾರ್ಮೋನು ಟಿ3 ಸುಮಾರು 9; ನಾಲ್ಕಕ್ಕೆ ಒಂದು. ಮನುಷ್ಯರ ಗ್ರಂಥಿ ಸುರಿಸುವುದು ಹದಿನಾಲ್ಕಕ್ಕೆ ಒಂದರ ಆಸುಪಾಸಿನಲ್ಲಿ; ಉಳಿದ ಟಿ3ಯನ್ನು ದೇಹ ಟಿ4ನಿಂದ ತಾನೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಮಾತ್ರೆಯ ಟಿ3 ಹಾಗಲ್ಲ, ನುಂಗಿದ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಜಿಗಿಯುತ್ತದೆ. ಪ್ರಮಾಣ ಹೆಚ್ಚಾದರೆ ಎದೆ ಡವಡವ ಎನ್ನುತ್ತದೆ. ತಜ್ಞರ ಭಾಷೆಯಲ್ಲಿ ಅದಕ್ಕೆ 'ಹುರುಪು' ಎಂದು ಹೆಸರು.

ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. 2013ರಲ್ಲಿ ಅಮೆರಿಕದಲ್ಲಿ ಎಪ್ಪತ್ತು ರೋಗಿಗಳಿಗೆ ಲೆವೊಥೈರಾಕ್ಸಿನ್, ಹಂದಿಯ ಪುಡಿ ಎರಡನ್ನೂ ಗುರುತು ಹತ್ತದಂತೆ ಸರದಿಯ ಮೇಲೆ ಕೊಟ್ಟು ನೋಡಿದಾಗ, ಅರ್ಧದಷ್ಟು ಜನ ಹಂದಿಯ ಪುಡಿಯನ್ನೇ ಮೆಚ್ಚಿದರು. ತೂಕವೂ ಒಂದೂಕಾಲು ಕಿಲೋ ಆಸುಪಾಸು ಇಳಿದಿತ್ತು. ಆದರೆ ಸುಸ್ತು, ಮರೆವುಗಳ ಸರಾಸರಿ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಲೆವೊಥೈರಾಕ್ಸಿನ್ ಜೊತೆ ಟಿ3 ಬೆರೆಸಿದ ಪ್ರಯೋಗಗಳದ್ದೂ ಬಹುಪಾಲು ಇದೇ ಕಥೆ: 1999ರ ಒಂದು ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು, ನಂತರದ ಹೆಚ್ಚಿನವು ತಣ್ಣೀರೆರಚಿದವು. ಟಿಎಸ್‌ಎಚ್ ಸರಿಯಾದ ಮೇಲೂ ಬಳಲುವ ಕೆಲವರಿಗೆ ಟಿ3 ಬೆರೆಸಿ ಕೆಲ ತಿಂಗಳು ವೈದ್ಯರು ಪರೀಕ್ಷಿಸಿ ನೋಡಬಹುದು. ವೈನಿಯ ಟಿಎಸ್‌ಎಚ್ ಇನ್ನೂ ಸರಿಯೇ ಆಗಿರಲಿಲ್ಲವಲ್ಲ!

ವೈದ್ಯರು ಬಾಟಲಿಯನ್ನು ಪಕ್ಕಕ್ಕಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಅಮ್ಮಾ?"

"ಮರೆಯಬಾರದೆಂದು ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಎಲ್ಲ ಒಟ್ಟಿಗೆ, ಚಹಾದ ಜೊತೆಗೆ" ಎಂದರು ವೈನಿ, ಶಿಸ್ತಿಗೆ ಶಹಬ್ಬಾಸ್ ಸಿಕ್ಕೀತೆಂಬ ನಿರೀಕ್ಷೆಯಲ್ಲಿ.

ಕ್ಯಾಲ್ಸಿಯಂ, ಕಬ್ಬಿಣಗಳು ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಳ್ಳುತ್ತವೆ. ಖಾಲಿ ಹೊಟ್ಟೆಗೆ ಬರೀ ನೀರಿನೊಂದಿಗೆ ಮಾತ್ರೆ, ಒಂದು ಗಂಟೆಯ ನಂತರ ಚಹಾ, ನಾಲ್ಕು ಗಂಟೆ ಬಿಟ್ಟು ಉಳಿದ ಗುಳಿಗೆಗಳು. ಅದೇ ನೂರು ಮೈಕ್ರೋಗ್ರಾಂನಲ್ಲಿ ಎಂಟು ವಾರಕ್ಕೆ ಟಿಎಸ್‌ಎಚ್ 2.8ಕ್ಕೆ ಇಳಿಯಿತು.

ಬಾಟಲಿಯಲ್ಲಿ ಏನಿತ್ತೆಂದು ಅಣ್ಣನಿಗೆ ಗೊತ್ತಾದದ್ದು ಆಮೇಲೆ. ಗೂಡನ್ನು ಮೂರು ಸಲ ತೊಳೆಸಿದ್ದಾನೆ. ಕೆರೆಯ ತಜ್ಞರು ಮಾತ್ರ ಈಗ ಅದೇ ಬಾಟಲಿಯನ್ನು ಅರ್ಧ ಬೆಲೆಗೆ ಕೇಳುತ್ತಿದ್ದಾರೆ.