ಬಹುಮಾನ ದೊಡ್ಡಕ್ಷರದಲ್ಲಿ, ಷರತ್ತು ಬಿಲ್ ಕೌಂಟರಿನಲ್ಲಿ

ದೀಪಾವಳಿ ಹತ್ತಿರ ಬಂದರೆ ದಾವಣಗೆರೆಯ ಮೊಬೈಲುಗಳಿಗೆಲ್ಲ ಇಂಥದೊಂದು ಸಂದೇಶ ಬರುತ್ತದೆ: "ಗೆಳೆಯರನ್ನು ಕಳುಹಿಸಿ, 500 ರೂಪಾಯಿವರೆಗೆ ಗೆಲ್ಲಿ! ಷರತ್ತುಗಳು ಅನ್ವಯ." ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವುದು ನನ್ನ ಕಸುಬು. ಈ ಸಂದೇಶ ಕಂಡಾಗಲೆಲ್ಲ ಸಿಟ್ಟು ಬರುತ್ತದೆ. ಯಾರಿಗೆ, ಎಷ್ಟು, ಯಾವಾಗ ಎಂಬ ಮೂರರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿಲ್ಲ.

ಕಳೆದ ಹಬ್ಬದಲ್ಲಿ ಪೇಟೆಯ ಒಂದು ಸೀರೆ ಅಂಗಡಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡೆ. ಒಬ್ಬ ಹೆಂಗಸು ಜಗಳೂರಿನ ತಂಗಿಯನ್ನು ಕರೆತಂದಿದ್ದರು. 2,000 ರೂಪಾಯಿ ಖರೀದಿಗೆ ಇಬ್ಬರಿಗೂ ಬಹುಮಾನ ಎಂದಿತ್ತು. ಸೀರೆಯ ಚೀಟಿಯಲ್ಲಿ 2,150. ಹಬ್ಬದ ಶೇ 10 ರಿಯಾಯಿತಿ ಕಳೆದು ಬಿಲ್ 1,935. "ಅಕ್ಕ, ರಿಯಾಯಿತಿ ಹೋದ ಮೇಲಿನ ಮೊತ್ತವೇ ಲೆಕ್ಕ" ಎಂದ ಹುಡುಗ. "ನನ್ನ ಮಾತು ನಂಬಿ ಬಂದವಳಿಗೆ ಈಗ ಏನು ಹೇಳಲಿ?" ಎಂದು ಅವರು ಕೇಳಿದಾಗ ಅವನ ಬಳಿ ಉತ್ತರವಿರಲಿಲ್ಲ. ಅಂಗಡಿ ಉಳಿಸಿದ್ದು ಚಿಲ್ಲರೆ ಹಣ, ಕಳೆದುಕೊಂಡದ್ದು ಇಬ್ಬರು ಗಿರಾಕಿಗಳನ್ನು.

ಇಂಥ ಷರತ್ತು ಬಹುಮಾನದ ವಾಕ್ಯದೊಳಗೇ ಇರಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

"ನಮ್ಮಲ್ಲಿ ಇದುವರೆಗೆ ಬಟ್ಟೆ ಕೊಳ್ಳದ ಗೆಳೆಯರನ್ನು ಕಳುಹಿಸಿ. ರಿಯಾಯಿತಿ ಕಳೆದು ಅವರ ಬಿಲ್ 2,000 ರೂಪಾಯಿ ಮುಟ್ಟಿದರೆ ನಿಮಗೆ 200, ಅವರಿಗೆ 100 ರೂಪಾಯಿ. ಅವರ 100 ಆ ಬಿಲ್ಲಿನಲ್ಲೇ ಕಡಿಮೆಯಾಗುತ್ತದೆ. ನಿಮ್ಮ 200 ನಿಮ್ಮ ಮುಂದಿನ ಖರೀದಿಗೆ. ಬಿಲ್ ಮಾಡಿಸುವಾಗ ಅವರು ನಿಮ್ಮ ಮೊಬೈಲ್ ಸಂಖ್ಯೆ ಹೇಳಬೇಕು. ನವೆಂಬರ್ 10ರ ರಾತ್ರಿ 9ರವರೆಗೆ."

"ಹಬ್ಬದವರೆಗೆ" ಎಂದು ಬರೆದರೆ ಒಬ್ಬರಿಗೆ ನರಕ ಚತುರ್ದಶಿ, ಇನ್ನೊಬ್ಬರಿಗೆ ಬಲಿಪಾಡ್ಯಮಿ. ಆದ್ದರಿಂದ ತಾರೀಖೇ ಬೇಕು. "ವರೆಗೆ ಗೆಲ್ಲಿ" ಎಂಬುದನ್ನು ಕಿತ್ತುಹಾಕಿದ್ದೇನೆ, ಇದು ಲಾಟರಿಯಲ್ಲ. "ಹೊಸ ಗ್ರಾಹಕರು" ಎಂದರೆ ಈ ವರ್ಷ ಹೊಸಬರೋ, ಎಂದೂ ಬಾರದವರೋ ಎಂಬ ಜಗಳ ಹುಟ್ಟುತ್ತದೆ.

ಇಷ್ಟಕ್ಕೆ ಜಾಗವಿಲ್ಲ ಎನ್ನುತ್ತಾರೆ ಮಾಲೀಕರು. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಅಕ್ಷರಸಂಕೇತಗಳಷ್ಟೇ ಮಿತಿ, ಕಾಗುಣಿತದ ಚಿಹ್ನೆಗಳೂ ಅದರಲ್ಲೇ ಲೆಕ್ಕ. ಉದ್ದವಾದರೆ ಹಲವು ಸಂದೇಶಗಳ ದುಡ್ಡು ಬೀಳುತ್ತದೆ, ನಿಜ. ಹಾಗಿದ್ದರೆ ವಾಟ್ಸಾಪಿನಲ್ಲಿ ಕಳುಹಿಸಲಿ, ಇಲ್ಲವೇ ಷರತ್ತುಗಳನ್ನೇ ಕಡಿಮೆ ಮಾಡಲಿ. ಷರತ್ತನ್ನು ಬಚ್ಚಿಡುವುದಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ: ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ 2022ರ ಕೇಂದ್ರ ಮಾರ್ಗಸೂಚಿಯ ಪ್ರಕಾರ, ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ ಇರಬೇಕು.

ಇನ್ನೊಂದು ಸಂದೇಶವನ್ನು ಎಲ್ಲರೂ ಮರೆಯುತ್ತಾರೆ. ಗಿರಾಕಿ ತನ್ನ ಗೆಳತಿಗೆ ಕಳುಹಿಸುವುದು ಅಂಗಡಿಯ ಹೊಗಳಿಕೆಯಾಗಬಾರದು, ಅವರ ಮಾತಿನಂತೆಯೇ ಇರಬೇಕು: "ನಾನು ಸೀರೆ ಕೊಳ್ಳುವ ಅಂಗಡಿ ಇದು. ರಿಯಾಯಿತಿ ಕಳೆದು 2,000 ರೂಪಾಯಿ ಬಿಲ್ ಆದರೆ ನನ್ನ ನಂಬರ್ ಹೇಳು, ನಿನಗೆ 100 ಕಡಿಮೆ. ನನಗೂ 200 ಸಿಗುತ್ತದೆ." ಕೊನೆಯ ವಾಕ್ಯವನ್ನು ತೆಗೆಯಬೇಡಿ. ತನಗೂ ಲಾಭವಿದೆ ಎಂದು ಮೊದಲೇ ಹೇಳಿದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಈ ಎರಡೂ ಸಂದೇಶಗಳ ಪ್ರತಿಯನ್ನು ಬಿಲ್ ಕೌಂಟರಿನ ಹುಡುಗನಿಗೂ ಹಬ್ಬಕ್ಕೆ ಮುಂಚೆಯೇ ಕೊಡಿ.