ಮೂರು ಸ್ಕ್ರೀನ್ ಇದ್ದೂ ಅಕ್ಷರ ಮಬ್ಬು

ಆಫೀಸಿನ ಐಟಿಯವರು ನನ್ನ ದೂರಿನ ಟಿಕೆಟ್ ಮತ್ತೆ ಮುಚ್ಚಿದ್ದಾರೆ. ಕೆಳಗೆ ಒಂದು ಸಾಲು: ಡಿಸ್‌ಪ್ಲೇ ಡ್ರೈವರ್ ಅಪ್‌ಡೇಟ್ ಮಾಡಲಾಗಿದೆ, ಸಮಸ್ಯೆ ಬಗೆಹರಿದಿದೆ. ಯಾರಿಗೆ ಬಗೆಹರಿದಿದೆಯೋ ಗೊತ್ತಿಲ್ಲ. ನನ್ನ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ 3 ಯಾವುದು, 8 ಯಾವುದು ಅಂತ ಇವತ್ತೂ ಕಣ್ಣು ಕಿರಿದು ಮಾಡಿಕೊಂಡೇ ನೋಡಬೇಕು.

ವಿಷಯ ಇಷ್ಟೇ. ಮನೆಯಲ್ಲಿ ನನ್ನ ಲ್ಯಾಪ್‌ಟಾಪ್ ಇದೆ. ಸ್ಕ್ರೀನ್ ಚಿಕ್ಕದು, ಪಿಕ್ಸೆಲ್ ಜಾಸ್ತಿ: 2880 x 1800. ಅದಕ್ಕೆ ಸ್ಕೇಲಿಂಗ್ 200% ಇಡದಿದ್ದರೆ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದೆ. ಪಕ್ಕದಲ್ಲಿ 1920 x 1080ರ ಎರಡು ಮಾನಿಟರ್, ಎರಡೂ 100%. ಕೆಲಸವೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ. ಎಲ್ಲ ಮಾನಿಟರ್ ಬಳಸು ಅನ್ನೋ ಆಯ್ಕೆಗೆ ಟಿಕ್ ಹಾಕಿದರೆ ಮೂರೂ ಸ್ಕ್ರೀನ್ ತುಂಬಿಕೊಳ್ಳುತ್ತದೆ. ಅಲ್ಲಿಯವರೆಗೆ ಚೆನ್ನಾಗಿಯೇ ಇದೆ.

ಗೋಳು ಶುರುವಾಗುವುದು ನಾನು ಜಾಗ ಬದಲಿಸಿದಾಗ. ಬೆಳಿಗ್ಗೆ ಬೇರೆ ಕೋಣೆಯಲ್ಲಿ ಕೂತು ಬರೀ ಲ್ಯಾಪ್‌ಟಾಪಿನಿಂದ ಲಾಗಿನ್ ಆಗುತ್ತೇನೆ. ಆಮೇಲೆ ಮೇಜಿಗೆ ಬಂದು ಮಾನಿಟರ್ ಸಿಕ್ಕಿಸಿ ಮತ್ತೆ ಕನೆಕ್ಟ್ ಆಗುತ್ತೇನೆ. ಬ್ರೌಸರ್ ಸ್ಪಷ್ಟವಾಗಿದೆ. ಅದರ ಪಕ್ಕದಲ್ಲೇ ಲೆಕ್ಕದ ಸಾಫ್ಟ್‌ವೇರ್ ಮಾತ್ರ ಮಸುಕು, ಕನ್ನಡಕ ಒರೆಸದೆ ನೋಡಿದ ಹಾಗೆ.

ಒಂದೇ ಮಾನಿಟರ್ ಮೇಲೆ ಒಂದು ಕಿಟಕಿ ಸ್ಪಷ್ಟ, ಇನ್ನೊಂದು ಮಬ್ಬು ಅಂದರೆ ಅದು ಡ್ರೈವರ್ ತಪ್ಪು ಹೇಗಾಗುತ್ತದೆ? ನೆಟ್‌ವರ್ಕ್ ನಿಧಾನವಾದರೂ ಚಿತ್ರ ಮಬ್ಬಾಗುತ್ತದೆ ನಿಜ, ಆದರೆ ಅದು ಎಲ್ಲ ಕಡೆ ಆಗುತ್ತದೆ. ಸ್ಕ್ರೋಲ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಇದು ತಿಳಿಯಾಗುವುದೇ ಇಲ್ಲ. ಇಷ್ಟನ್ನೂ ಟಿಕೆಟ್‌ನಲ್ಲಿ ಬರೆದಿದ್ದೆ. ಓದಿದರೆ ತಾನೇ!

ನಿಜವಾದ ಕಾರಣ ಸೈನ್ ಇನ್ ಆದ ಗಳಿಗೆಯಲ್ಲಿದೆ. ರಿಮೋಟ್ ಡೆಸ್ಕ್‌ಟಾಪ್ ನನ್ನ ಸ್ಕ್ರೀನಿನ ಅಳತೆಯ ಜೊತೆ ಸ್ಕೇಲಿಂಗ್ ಎಷ್ಟು ಅಂತಲೂ ಆ ಕಡೆಯ ಕಂಪ್ಯೂಟರಿಗೆ ಹೇಳುತ್ತದೆ. ವಿಂಡೋಸ್ ಲೆಕ್ಕದಲ್ಲಿ 100% ಅಂದರೆ ಇಂಚಿಗೆ 96 ಚುಕ್ಕೆ, ಅಂದರೆ 96 ಡಿಪಿಐ; 200% ಅಂದರೆ 192. ಹೊಸ ಸಾಫ್ಟ್‌ವೇರ್‌ಗಳು ಯಾವ ಮಾನಿಟರ್ ಮೇಲಿವೆಯೋ ಅದರ ಸಂಖ್ಯೆ ನೋಡಿಕೊಂಡು ಮತ್ತೆ ಅಕ್ಷರ ಬಿಡಿಸಿಕೊಳ್ಳುತ್ತವೆ. ಹಳೆಯವುಗಳಿಗೆ ಅದು ಬರುವುದಿಲ್ಲ. ಸೈನ್ ಇನ್ ಆದಾಗ ಮುಖ್ಯ ಸ್ಕ್ರೀನಿಗೆ ಯಾವ ಡಿಪಿಐ ಇತ್ತೋ ಅದನ್ನೇ ಕೊನೆಯವರೆಗೂ ಹಿಡಿದು ಕೂರುತ್ತವೆ. ಬೆಳಿಗ್ಗೆ ಸಿಕ್ಕಿದ್ದು 192. ಈಗಿನ ಮಾನಿಟರಿಗೆ ಬೇಕಾದದ್ದು 96. ಆಗ ವಿಂಡೋಸ್ ಏನು ಮಾಡುತ್ತದೆ ಅಂದರೆ, 192ರಲ್ಲಿ ಬರೆದ ಇಡೀ ಕಿಟಕಿಯನ್ನು ಒಂದು ಚಿತ್ರದಂತೆ ಅರ್ಧಕ್ಕೆ ಕುಗ್ಗಿಸಿ ತೋರಿಸುತ್ತದೆ. ತೆಳು ಗೆರೆಗಳು ಅಲ್ಲೇ ಸತ್ತುಹೋಗುತ್ತವೆ. ಉಲ್ಟಾ ಆದರೂ ಅಷ್ಟೇ: ಮಾನಿಟರಿನಿಂದ ಸೈನ್ ಇನ್ ಆಗಿ ಆಮೇಲೆ ಲ್ಯಾಪ್‌ಟಾಪಿಗೆ ಬಂದರೆ, 96ರ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುತ್ತದೆ. ಅದು ಇನ್ನೂ ಅಸಹ್ಯ.

ಇದು ನನ್ನ ಊಹೆಯಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, Details ಟ್ಯಾಬಿನಲ್ಲಿ ಕಾಲಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, DPI Awareness ಅನ್ನೋ ಕಾಲಮ್ ಸೇರಿಸಿ ನೋಡಿ. ಬ್ರೌಸರ್ ಎದುರು Per-Monitor ಅಂತಿದೆ. ನಮ್ಮ ಲೆಕ್ಕದ ಸಾಫ್ಟ್‌ವೇರ್ ಎದುರು System. ಅದರ ಸ್ಕ್ರೀನ್‌ಶಾಟ್ ಕೂಡ ಕಳಿಸಿದ್ದೆ. ಬಂದ ಉತ್ತರ: ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಅದೇ ಸಿಟ್ಟು ಬರೋದು! ಯಾಕೆಂದರೆ ಆಗ ಹೊಸದಾಗಿ ಸೈನ್ ಇನ್ ಆಗುತ್ತದೆ. ಅವರು ಫೋನ್ ಇಡುತ್ತಾರೆ, ಟಿಕೆಟ್ ಮುಚ್ಚುತ್ತಾರೆ. ಮರುದಿನ ಬೆಳಿಗ್ಗೆ ಮತ್ತದೇ ಕಥೆ. ಮೇಲಿನ ನೀಲಿ ಪಟ್ಟಿಯಲ್ಲಿ X ಒತ್ತಿದರೆ ಸೆಷನ್ ಮುಗಿಯುವುದಿಲ್ಲ, ಬರೀ ಡಿಸ್‌ಕನೆಕ್ಟ್ ಆಗುತ್ತದೆ. ಒಳಗೆ ಎಲ್ಲವೂ ಹಾಗೇ ಓಡುತ್ತಿರುತ್ತದೆ, ಆ ಹಳೆಯ 192 ಸಮೇತ. ನಿಜವಾಗಿ ಹೋಗಬೇಕಾದರೆ ಸ್ಟಾರ್ಟ್ ಮೆನುವಿನಿಂದ Sign out ಕೊಡಬೇಕು. ಕೊಟ್ಟರೆ ತೆರೆದಿಟ್ಟ ಫೈಲು, ಅರ್ಧ ಓಡಿದ ವರದಿ ಎಲ್ಲ ಹೋಯಿತು. ಕೆಲಸ ಉಳಿಸಿಕೊಳ್ಳಲೋ, ಕಣ್ಣು ಉಳಿಸಿಕೊಳ್ಳಲೋ?

ರಿಮೋಟ್ ಒಳಗಿಂದಲೇ ಸ್ಕೇಲಿಂಗ್ ಬದಲಿಸೋಣ ಅಂದರೆ ಅದೂ ಇಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ ತೆರೆದರೆ, ರಿಮೋಟ್ ಸೆಷನ್‌ನಿಂದ ಇದನ್ನು ಬದಲಿಸಲಾಗದು ಅಂತ ಕೈ ಎತ್ತಿಬಿಡುತ್ತದೆ.

ಮತ್ತೊಬ್ಬ ಮಹಾಶಯರು ಸ್ಮಾರ್ಟ್ ಸೈಜಿಂಗ್ ಹಾಕಿಕೊಳ್ಳಿ ಅಂದರು. ಅಯ್ಯೋ, ಅದು ಬಂದ ಚಿತ್ರವನ್ನು ಕಿಟಕಿಯ ಅಳತೆಗೆ ಹಿಗ್ಗಿಸಿ ಕುಗ್ಗಿಸುವುದಷ್ಟೇ. ಒಂದು ಕಿಟಕಿ ಮಬ್ಬಾಗಿದ್ದದ್ದು ಹೋಗಿ ಎಲ್ಲವೂ ಮಬ್ಬಾಗುತ್ತದೆ.

ಇದಕ್ಕೆ ಮದ್ದು ಇಲ್ಲವೇ ಅಂದರೆ, ಇದೆ. ಆ ಸಾಫ್ಟ್‌ವೇರ್‌ನ Properties ಒಳಗೆ Compatibility ಟ್ಯಾಬಿನಲ್ಲಿ Change high DPI settings ಅಂತ ಒಂದು ಬಟನ್ ಇರುತ್ತದೆ. ಸೈನ್ ಇನ್ ಆದಾಗಿನ ಡಿಪಿಐ ಬದಲು ಪ್ರೋಗ್ರಾಂ ತೆರೆದಾಗಿನ ಡಿಪಿಐ ತಗೋ ಅಂತ ಅಲ್ಲಿ ಹೇಳಬಹುದು. ಆಗ ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಸಾಕು, ಸೈನ್ ಔಟ್ ಬೇಡ. System (Enhanced) ಅಂತ ಇನ್ನೊಂದು ಆಯ್ಕೆಯೂ ಇದೆ. ಹಳೇ ರೀತಿಯಲ್ಲಿ ಅಕ್ಷರ ಬಿಡಿಸುವ ಕೆಲವು ಸಾಫ್ಟ್‌ವೇರ್‌ಗೆ ಅದು ಚೆನ್ನಾಗಿ ಕೂರುತ್ತದೆ, ಕೆಲವಕ್ಕೆ ಏನೂ ಮಾಡುವುದಿಲ್ಲ. ಇದನ್ನೆಲ್ಲ ಮಾಡಬೇಕಾದದ್ದು ಆಫೀಸಿನ ಕಂಪ್ಯೂಟರಿನಲ್ಲಿ, ಮನೆಯದರಲ್ಲಲ್ಲ. ಮತ್ತು ನಮ್ಮ ಆಫೀಸಿನಲ್ಲಿ ಆ ಟ್ಯಾಬನ್ನೇ ಪಾಲಿಸಿ ಹಾಕಿ ಮಾಯ ಮಾಡಿದ್ದಾರೆ. ಸುರಕ್ಷತೆಗಂತೆ! ಅಕ್ಷರ ಕಂಡರೆ ಯಾವ ಸುರಕ್ಷತೆ ಕೆಡುತ್ತದೋ.

ಹಾಗಾಗಿ ನಾನೇ ಒಂದು ದಾರಿ ಮಾಡಿಕೊಂಡಿದ್ದೇನೆ. ಲ್ಯಾಪ್‌ಟಾಪ್ ಸ್ಕ್ರೀನನ್ನು ರಿಮೋಟಿನಿಂದ ಹೊರಗಿಟ್ಟು, ಒಂದೇ ಸ್ಕೇಲಿಂಗ್ ಇರುವ ಎರಡು ಮಾನಿಟರ್ ಮಾತ್ರ ಕೊಡುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ `mstsc /l` ಓಡಿಸಿದರೆ ಯಾವ ಸ್ಕ್ರೀನಿಗೆ ಯಾವ ನಂಬರ್ ಅಂತ ತೋರಿಸುತ್ತದೆ. ಕನೆಕ್ಷನ್ನನ್ನು ಫೈಲಾಗಿ ಉಳಿಸಿ, ನೋಟ್‌ಪ್ಯಾಡಿನಲ್ಲಿ ತೆರೆದು ಹೀಗೆ ಹಾಕಬೇಕು:

```
screen mode id:i:2
use multimon:i:1
selectedmonitors:s:1,2
```

ಆ ಎರಡು ಸ್ಕ್ರೀನ್ ಅಕ್ಕಪಕ್ಕ ತಾಗಿಕೊಂಡಿರಬೇಕು, ಮಧ್ಯೆ ಲ್ಯಾಪ್‌ಟಾಪ್ ಬಂದರೆ ಆಗಲ್ಲ. ಡಿಪಿಐ ಯಾವಾಗಲೂ 96, ಅಕ್ಷರ ಸ್ಪಷ್ಟ. ಮೇಲ್, ಕಾಲ್ ಎಲ್ಲ ಲ್ಯಾಪ್‌ಟಾಪ್ ಸ್ಕ್ರೀನಿನಲ್ಲಿ. ಆದರೆ ಮಾನಿಟರ್ ವೈರ್ ಕಿತ್ತು ಮತ್ತೆ ಸಿಕ್ಕಿಸಿದರೆ ಕೆಲವು ಸಲ ನಂಬರ್‌ಗಳೇ ಬದಲಾಗಿರುತ್ತವೆ. ಆಗ ರಿಮೋಟ್ ಹೋಗಿ ಲ್ಯಾಪ್‌ಟಾಪ್ ಮೇಲೆ ಕೂರುತ್ತದೆ. ಮತ್ತೆ `/l`, ಮತ್ತೆ ನೋಟ್‌ಪ್ಯಾಡ್. ಮತ್ತೆ ಬೇರೆ ಕೋಣೆಯಲ್ಲಿ ಕೂರೋ ಆಸೆಯನ್ನೂ ಬಿಡಬೇಕು. ಅಲ್ಲಿಂದ ಒಮ್ಮೆ ಸೈನ್ ಇನ್ ಆದರೆ ಮುಗೀತು, 192 ಅಂಟಿಕೊಳ್ಳುತ್ತದೆ.

ಒಂದು ಸ್ಕ್ರೀನಿನಿಂದ ಎರಡಕ್ಕೆ ಬಂದಾಗ ಕಿಟಕಿಗಳೆಲ್ಲ ಒಂದೇ ಕಡೆ ರಾಶಿ ಬಿದ್ದಿರೋದನ್ನು ನಾನು ದೂರಲ್ಲಿ ಸೇರಿಸಿಯೇ ಇಲ್ಲ. ವಿಂಡೋಸ್ ಕೀ, ಶಿಫ್ಟ್, ಬಾಣದ ಗುರುತು ಒತ್ತಿ ಒತ್ತಿ ಅವನ್ನು ಆಚೆ ತಳ್ಳೋದು ಈಗ ಅಭ್ಯಾಸವಾಗಿದೆ.

ನಿನ್ನೆ ಬಂದ ಸುದ್ದಿ ಏನು ಗೊತ್ತಾ? ಎರಡು ಮಾನಿಟರಿನಲ್ಲಿ ಒಂದನ್ನು ಮಾತ್ರ 4K ಮಾಡಿಕೊಡುತ್ತಾರಂತೆ. ಅದಕ್ಕೆ 150% ಇಡಬೇಕಂತೆ. ಲ್ಯಾಪ್‌ಟಾಪ್ 200, ಹೊಸದು 150, ಹಳೆಯದು 100. ಬಜೆಟ್‌ನಲ್ಲಿ ಒಂದಕ್ಕೇ ಜಾಗ ಇತ್ತಂತೆ. ನನ್ನ ಹೊಸ ಟಿಕೆಟ್ ಈಗಲೇ ಬರೆದಿಟ್ಟಿದ್ದೇನೆ.