ಬಾಟಲಿಯ ಹೊಟ್ಟೆಯಲ್ಲಿ ಉಳಿದ ಹಳೆಯ ಗೋಡೆ

ಸೇಬಿನ ಫೋಟೋವನ್ನು ಫೋಟೋಶಾಪಿನಲ್ಲಿ ಕತ್ತರಿಸಿ ಬೇರೆ ಹಿನ್ನೆಲೆಗೆ ಅಂಟಿಸುವುದು ದೊಡ್ಡ ಕೆಲಸವೇನಲ್ಲ. ಅಂಚು ಹಿಡಿದು ಪೆನ್ ಟೂಲ್ ಓಡಿಸಿದರೆ ಸೇಬು ತನ್ನಷ್ಟಕ್ಕೆ ತಾನು ಎದ್ದು ಬರುತ್ತದೆ. ಗಾಜಿನ ಬಾಟಲಿ ಅಷ್ಟು ಸಾಧುವಲ್ಲ. ಅಂಚನ್ನು ಎಷ್ಟೇ ನಯವಾಗಿ ಕತ್ತರಿಸಿದರೂ ಅದರ ಹೊಟ್ಟೆಯೊಳಗೆ ಹಳೆಯ ಗೋಡೆ ಹಾಗೇ ಕೂತಿರುತ್ತದೆ. ಸೂರ್ಯಾಸ್ತದ ಮುಂದೆ ತಂದು ನಿಲ್ಲಿಸಿದರೂ ಬಾಟಲಿ ಮಾತ್ರ ಸ್ಟುಡಿಯೋದ ಬೂದುಬಣ್ಣವನ್ನೇ ತೋರಿಸುತ್ತಿರುತ್ತದೆ.

ಆಗ ಹೆಚ್ಚಿನವರ ಕೈ ನೇರ ಲೇಯರನ್ನು ಪಾರದರ್ಶಕವಾಗಿಸುವ Opacity ಕಡೆಗೆ ಹೋಗುತ್ತದೆ. ಅದನ್ನು 50ಕ್ಕೆ ಇಳಿಸಿದರೆ ಹಿಂದಿನದು ಕಾಣುತ್ತದೆ, ನಿಜ. ಆದರೆ ಬಾಟಲಿಯ ಜೊತೆ ಕಾಗದದ ಲೇಬಲ್ಲೂ ಲೋಹದ ಮುಚ್ಚಳವೂ ಅರ್ಧ ಮಾಯವಾಗುತ್ತವೆ. ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ, ಭುಜದ ಮೇಲೆ ಫಳಫಳ ಹೊಳೆಯುತ್ತಿದ್ದ 250 ಮೌಲ್ಯದ ಗೆರೆ, 40ರಷ್ಟು ಕಪ್ಪಾದ ಹಿನ್ನೆಲೆಯ ಮೇಲೆ 145ಕ್ಕೆ ಬಿದ್ದು ಬೂದಿ ಬಳಿದಂತಾಗುತ್ತದೆ. ನಿಜವಾದ ಗಾಜಿನಲ್ಲಿ ಹಿಂದಿನ ಕಪ್ಪೂ ಪೂರ್ತಿ ಕಾಣುತ್ತದೆ, ಮುಂದಿನ ಹೊಳಪೂ ಪೂರ್ತಿ ಕಾಣುತ್ತದೆ. ಒಂದು ಬರಲು ಇನ್ನೊಂದು ಹೋಗಬೇಕಿಲ್ಲ.

ಗಾಜು ಬೆಳಕಿಗೆ ಮಾಡುವುದು ಎರಡು ಕೆಲಸ. ಹಿಂದಿನಿಂದ ಬಂದ ಬೆಳಕಿನಲ್ಲಿ ಒಂದಿಷ್ಟನ್ನು ನುಂಗುತ್ತದೆ. ಮುಂದಿನಿಂದ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ನಮ್ಮತ್ತ ಎಸೆಯುತ್ತದೆ. ಒಂದು ಕಳೆಯುವ ಲೆಕ್ಕ, ಇನ್ನೊಂದು ಕೂಡುವ ಲೆಕ್ಕ. ಎರಡನ್ನೂ ಒಂದೇ ಲೇಯರಿನಲ್ಲಿ ಇಟ್ಟುಕೊಂಡು ಒದ್ದಾಡುವ ಬದಲು ಎರಡು ಖಾತೆ ತೆರೆದರೆ ಅರ್ಧ ತಕರಾರು ತೀರುತ್ತದೆ.

ಬೂದು ಹಿನ್ನೆಲೆಯಲ್ಲಿ ತೆಗೆದ ಹಸಿರು ಬಾಟಲಿ ಇದೆ ಎಂದುಕೊಳ್ಳೋಣ. ಹಿನ್ನೆಲೆಯ ಮೌಲ್ಯ 160, ಮೂರೂ ಚಾನೆಲ್‌ನಲ್ಲಿ ಒಂದೇ. ಬಾಟಲಿಯ ಎರಡು ಪ್ರತಿ ಮಾಡಿ, ಕೆಳಗಿನದಕ್ಕೆ ಹಿನ್ನೆಲೆಯನ್ನು ಗುಣಿಸಿ ಕಪ್ಪಾಗಿಸುವ Multiply ಮೋಡ್ ಹಾಕಿ, ಕಪ್ಪು ಬಿಳುಪಿನ ಮಿತಿ ಬದಲಿಸುವ Levels ತೆರೆದು ಬಲತುದಿಯ ಬಿಳಿ ತ್ರಿಕೋನವನ್ನು 160ಕ್ಕೆ ಎಳೆಯಬೇಕು. ಬೂದು ಗೋಡೆ ಅಚ್ಚ ಬಿಳಿಯಾಗುತ್ತದೆ. Multiply ಬಿಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ ಗೋಡೆ ಮಂಗಮಾಯ. ಗಾಜಿನ ಮೈ 80, 130, 70 ಇದ್ದದ್ದು 128, 207, 112 ಆಗುತ್ತದೆ. ಅಂದರೆ ಹಿಂದೆ ಏನೇ ಇರಲಿ, ಈ ಗಾಜು ಅದರ ಕೆಂಪಿನಲ್ಲಿ ಅರ್ಧ, ಹಸಿರಿನಲ್ಲಿ ಶೇ 81, ನೀಲಿಯಲ್ಲಿ ಶೇ 44ರಷ್ಟನ್ನು ದಾಟಿಸುತ್ತದೆ. ಬಾಟಲಿಯ ಹಸಿರು ಇನ್ನು ಬಣ್ಣವಲ್ಲ, ಸುಂಕದ ದರ.

ಮೇಲಿನ ಪ್ರತಿಗೆ ಕೆಳಗಿನದನ್ನು ಬೆಳಗಿಸುವ Screen ಮೋಡ್. ಇಲ್ಲಿ Levels ಎಡತುದಿಯ ಕಪ್ಪು ತ್ರಿಕೋನವನ್ನು ಅದೇ 160ಕ್ಕೆ ತರಬೇಕು. ಗೋಡೆಯೂ ಅದಕ್ಕಿಂತ ಕಪ್ಪಾದುದೆಲ್ಲವೂ ಶೂನ್ಯವಾಗಿ, ಹೊಳಪಿನ ಗೆರೆಗಳಷ್ಟೇ ಉಳಿಯುತ್ತವೆ. 250 ಇದ್ದದ್ದು 242 ಆಗಿ, 40ರ ಕಪ್ಪಿನ ಮೇಲೆ 244 ಆಗಿ ಮಿಂಚುತ್ತದೆ. ಮೊದಲಿನ 145ಕ್ಕೆ ಹೋಲಿಸಿ ನೋಡಿ. ಈ ಲೇಯರಿನ Saturation ಅನ್ನು −100ಕ್ಕೆ ಇಳಿಸಿದರೆ ಒಳ್ಳೆಯದು: ಗಾಜಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ದೀಪದ ಬಣ್ಣದ್ದು, ಗಾಜಿನದ್ದಲ್ಲ. ಹಸಿರು ಬಾಟಲಿಯ ಹೊಳಪು ಹಸಿರಾಗಿದ್ದರೆ ಅದು ಗಾಜಿನ ಹಾಗೆ ಕಾಣುವುದಿಲ್ಲ.

ಎಲ್ಲ ಬಿಟ್ಟು ಬೂದು ಹಿನ್ನೆಲೆಯೇ ಏಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಸಿಕ್ಕಿತು. ಅಚ್ಚ ಬಿಳಿಯ ಮುಂದೆ ತೆಗೆದಿದ್ದರೆ ಹೊಳಪಿಗೆ ಹಿನ್ನೆಲೆಗಿಂತ ಮೇಲೇರಲು ಜಾಗವೇ ಇರುವುದಿಲ್ಲ, Screen ಲೇಯರ್ ಖಾಲಿ. ಕಗ್ಗಪ್ಪಿನ ಮುಂದೆ ತೆಗೆದಿದ್ದರೆ ಗಾಜು ಏನು ನುಂಗಿತೆಂದು ತಿಳಿಯುವುದಿಲ್ಲ, Multiply ಖಾಲಿ. ಬೂದಿನಲ್ಲಿ ಎರಡೂ ಕಡೆಗೆ ಕೈಕಾಲು ಚಾಚಲು ಜಾಗ ಇರುತ್ತದೆ. ಆದರೆ ಹೀಗೆ ಅರ್ಧರ್ಧ ಮೌಲ್ಯಗಳನ್ನು ಎಳೆದು ಹಿಗ್ಗಿಸುವಾಗ 8 ಬಿಟ್ ಫೈಲು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಜೆಪೆಗ್ ಆಗಿದ್ದರೆ ಚೌಕಗಳೂ ಎದ್ದು ಬರುತ್ತವೆ. ಕಚ್ಚಾ ಫೈಲನ್ನು 16 ಬಿಟ್ಟಿನಲ್ಲಿ ತೆರೆದು ಶುರು ಮಾಡುವುದು ಕ್ಷೇಮ.

ಇನ್ನು ಲೇಬಲ್ ಮತ್ತು ಮುಚ್ಚಳ. ಇವು ಸೇಬಿನ ಜಾತಿ. ಮೂರನೇ ಪ್ರತಿ ಮಾಡಿ, Normal ಇಟ್ಟು, ಪೆನ್ ಟೂಲಿನಿಂದ ಕತ್ತರಿಸಿ ಎಲ್ಲದರ ಮೇಲೆ ಕೂರಿಸಿದರಾಯಿತು. ಮೂರನ್ನೂ ಒಂದು ಗ್ರೂಪಿಗೆ ಹಾಕಿ, ಗ್ರೂಪಿಗೆ ಹೊರಗಿನದನ್ನು ಮರೆಮಾಡುವ, ಬಾಟಲಿಯ ಆಕಾರದ ಮಾಸ್ಕ್ ಕೊಡಬೇಕು. ಹಿನ್ನೆಲೆ ಎಲ್ಲ ಕಡೆ ಸಮನಾಗಿ 160 ಇದ್ದರೆ ಗೋಡೆ ಆಗಲೇ ಅಳಿದಿರುವುದರಿಂದ ಮಾಸ್ಕ್ ಅಂದಾಜಿನದಾದರೂ ನಡೆದೀತು. ಮೂಲೆಯಲ್ಲಿ 150ಕ್ಕೆ ಇಳಿದಿದ್ದರೆ ಬಾಟಲಿಯ ಸುತ್ತ ಕೊಳಕು ಮಬ್ಬೊಂದು ಉಳಿಯುತ್ತದೆ. ಆಗ ಅಂಚಿಗೆ ಸರಿಯಾಗಿ ಕತ್ತರಿಸಿ ಅಂಚನ್ನು ಮೆದುವಾಗಿಸುವ Feather ಅರ್ಧ ಪಿಕ್ಸೆಲ್ ಕೊಡಲೇಬೇಕು. ಗ್ರೂಪಿನ ಮೋಡ್ Pass Through ಆಗಿಯೇ ಇರಲಿ. ಅದು Normal ಆಯಿತೋ, Multiply ಗ್ರೂಪಿನೊಳಗೇ ಬಂದಿಯಾಗಿ ಹಿನ್ನೆಲೆಯನ್ನು ಮುಟ್ಟುವುದೇ ಇಲ್ಲ. ಬಾಟಲಿ ಮತ್ತೆ ಮೊದಲಿನಂತೆ ಕಲ್ಲು. ಎಲ್ಲ ಸರಿ ಮಾಡಿಯೂ ಏನೂ ಕಾಣುತ್ತಿಲ್ಲ ಎಂದಾಗ ಮೊದಲು ನೋಡಬೇಕಾದ ಜಾಗ ಇದೇ.

ಇಷ್ಟಾದರೂ ಚಿತ್ರದಲ್ಲಿ ಏನೋ ಸುಳ್ಳು ಅನ್ನಿಸುವುದುಂಟು. ಕಾರಣ ಸಾಮಾನ್ಯವಾಗಿ ನೀರು. ಖಾಲಿ ಬಾಟಲಿಯ ತೆಳುಗೋಡೆ ಹಿಂದಿನ ದೃಶ್ಯವನ್ನು ಅಂಚಿನಲ್ಲಷ್ಟೇ ತಿರುಚುತ್ತದೆ, ನಡುವೆ ನೇರವಾಗಿ ಬಿಡುತ್ತದೆ. ನೀರು ತುಂಬಿದ ಬಾಟಲಿಯಾದರೋ ಒಂದು ಮಸೂರ. ಅದರ ನಾಭಿ ನಡುಮಧ್ಯದಿಂದ ಸುಮಾರು ಒಂದು ವ್ಯಾಸದಷ್ಟು ದೂರದಲ್ಲಿದೆ. ಅದಕ್ಕಿಂತ ಹಿಂದಿರುವುದೆಲ್ಲ ಎಡಬಲ ತಿರುಗಿ ಕಾಣುತ್ತದೆ, ಸಾಕಷ್ಟು ದೂರದ್ದಾದರೆ ಕಿರಿದಾಗಿಯೂ ಕಾಣುತ್ತದೆ. ಹಿನ್ನೆಲೆಯ ಎಡಕ್ಕೆ ಕಿಟಕಿ, ಬಲಕ್ಕೆ ಕಪ್ಪು ಕಪಾಟು ಇದ್ದರೆ ಬಾಟಲಿಯೊಳಗೆ ಕಿಟಕಿ ಬಲಕ್ಕಿರಬೇಕು. ನೋಡುವವರಿಗೆ ಭೌತಶಾಸ್ತ್ರ ಗೊತ್ತಿರಬೇಕೆಂದಿಲ್ಲ, ಕಣ್ಣಿಗೆ ಗೊತ್ತಿರುತ್ತದೆ.

ಹಾಗಾಗಿ ಹಿನ್ನೆಲೆಯ ಇನ್ನೊಂದು ಪ್ರತಿಯನ್ನು Multiply ಲೇಯರಿನ ಕೆಳಗಿಟ್ಟು, Flip Horizontal ಮಾಡಿ, ಬಾಟಲಿಗಿಂತ ಎರಡು ಮೂರು ಪಟ್ಟು ಅಗಲದ ದೃಶ್ಯ ಬಾಟಲಿಯ ಅಗಲದಲ್ಲಿ ಹಿಡಿಯುವಂತೆ ಅಡ್ಡಲಾಗಿ ಹಿಂಡಿ, ನೀರಿರುವ ಭಾಗಕ್ಕಷ್ಟೇ ಮಾಸ್ಕ್ ಹಾಕಬೇಕು. ಕತ್ತಿನ ಖಾಲಿ ಭಾಗದಲ್ಲಿ ಹಿನ್ನೆಲೆ ಇದ್ದಂತೆಯೇ ಇರಲಿ. ನೀರಿನ ಮಟ್ಟದ ಗೆರೆಯಲ್ಲಿ ದೃಶ್ಯ ಥಟ್ಟನೆ ಬದಲಾದರೆ ಗಾಬರಿ ಬೇಡ, ನಿಜವಾದ ಬಾಟಲಿಯೂ ಹೀಗೇ ಮಾಡುತ್ತದೆ. ತೀರಾ ಗಾಢ ಬಣ್ಣದ ಗಾಜಾದರೆ ಈ ಶ್ರಮವನ್ನು ಬಿಟ್ಟರೂ ಯಾರೂ ಕೇಳುವುದಿಲ್ಲ.

ಒಂದು ಕಡೆ ಮಾತ್ರ ಈ ಲೆಕ್ಕವೆಲ್ಲ ಕೈಕೊಡುತ್ತದೆ. ಬೆಳ್ಳಗಿನ ಹಿನ್ನೆಲೆಯ ಮುಂದೆ ಬಣ್ಣವಿಲ್ಲದ ಗಾಜಿಗೆ ರೂಪ ಕೊಡುವುದು ಅದರ ಕಪ್ಪು ಅಂಚು. ಅದನ್ನು ಕತ್ತಲ ಕೋಣೆಗೆ ತಂದರೆ ಕಪ್ಪಿನ ಮೇಲೆ ಕಪ್ಪು ಕಾಣದೆ ಬಾಟಲಿಯೇ ಕರಗಿಹೋಗಿ, ಗಾಳಿಯಲ್ಲಿ ಲೇಬಲ್ ಒಂದು ತೇಲುತ್ತಿರುತ್ತದೆ. ಕತ್ತಲಲ್ಲಿ ಗಾಜಿನ ಅಂಚು ಬೆಳಗಬೇಕು. ಅದಕ್ಕೆ ಕಪ್ಪು ಹಿನ್ನೆಲೆಯಲ್ಲಿ ಬದಿಗಳಿಂದ ಬೆಳಕು ಬಿಟ್ಟು ತೆಗೆದ ಬೇರೆಯೇ ಫೋಟೋ ಬೇಕು.

ಕೊನೆಗೆ ನೆರಳು. ಮೇಜಿನ ಮೇಲೆ ಕಪ್ಪು ಬ್ರಷ್ ಎಳೆದು ಮುಗಿಸಿದರೆ ಬಾಟಲಿ ಇಟ್ಟಿಗೆಯಂತೆ ನಿಲ್ಲುತ್ತದೆ. ಹಸಿರು ಬಾಟಲಿಯ ನೆರಳು ಬುಡದ ಅಂಚಿನಲ್ಲಿ ತೆಳ್ಳಗೆ ಕಪ್ಪು, ಅದರಾಚೆಗೆ ಹಸಿರು, ನೀರು ತುಂಬಿದ್ದರೆ ನಟ್ಟನಡುವೆ ಸುತ್ತಲಿನ ಮೇಜಿಗಿಂತಲೂ ಬೆಳ್ಳಗಿನ ಉದ್ದನೆಯ ಒಂದು ಗೆರೆ.